ಮಾರಾಟ ಶೇ 12 ಇಳಿದರೆ ಇಪಿಎಸ್ ಶೇ 40 ಇಳಿಯುವುದೇಕೆ: ಡಿಒಎಲ್, ಡಿಎಫ್‌ಎಲ್, ಡಿಸಿಎಲ್ ಲೆಕ್ಕವನ್ನು ಕ್ರಮವಾಗಿ ಮಾಡುವ ವಿಧಾನ

ಸ್ಥಿರ ವೆಚ್ಚ ಮತ್ತು ಬಡ್ಡಿಯಿಂದಾಗಿ ಮಾರಾಟದ ಸಣ್ಣ ಏರಿಳಿತವೂ ಇಪಿಎಸ್‌ನಲ್ಲಿ, ಅಂದರೆ ಒಂದು ಷೇರಿಗೆ ಬರುವ ಲಾಭದಲ್ಲಿ, ದೊಡ್ಡದಾಗುವುದನ್ನು ಲಿವರೇಜ್ ಎನ್ನುತ್ತಾರೆ. ಸ್ಥಿರ ವೆಚ್ಚದಿಂದ ಬರುವ ಆಪರೇಟಿಂಗ್ ಲಿವರೇಜ್‌ನ ಅಳತೆ ಡಿಒಎಲ್, ಬಡ್ಡಿಯಿಂದ ಬರುವ ಫೈನಾನ್ಶಿಯಲ್ ಲಿವರೇಜ್‌ನದ್ದು ಡಿಎಫ್‌ಎಲ್, ಎರಡೂ ಸೇರಿದ್ದು ಡಿಸಿಎಲ್. ಈ ಲೆಕ್ಕದಲ್ಲಿ ಸೂತ್ರ ಮರೆತು ತಪ್ಪುವವರು ಕಡಿಮೆ. ಹೆಚ್ಚಿನವರು ಎಡವುವುದು ಸೂತ್ರದೊಳಗೆ ಯಾವ ಅಂಕಿ ಹೋಗಬೇಕು ಎನ್ನುವಲ್ಲಿ. ಸಾಲದ ಕಂತನ್ನೇ ಬಡ್ಡಿಯೆಂದು ಹಾಕುತ್ತಾರೆ, ಕರೆಂಟ್ ಬಿಲ್ಲನ್ನು ಇಡಿಯಾಗಿ ಒಂದು ಕಡೆ ತಳ್ಳುತ್ತಾರೆ, ಈಕ್ವಿಟಿ ಷೇರುದಾರರಿಗಿಂತ ಮೊದಲು ನಿಗದಿತ ದರದಲ್ಲಿ ಕೊಡುವ ಪ್ರಿಫರೆನ್ಸ್ ಡಿವಿಡೆಂಡನ್ನು ತೆರಿಗೆಗೆ ಸರಿಹೊಂದಿಸದೆ ಕಳೆಯುತ್ತಾರೆ. ಇಷ್ಟೆಲ್ಲ ಸರಿ ಮಾಡಿದವರು ಕೊನೆಗೆ, ಬಂದ ಉತ್ತರವನ್ನು ಅದು ಸಲ್ಲದ ಪ್ರಶ್ನೆಗೆ ಬಳಸಿ ಕೆಡಿಸುತ್ತಾರೆ. ಇಲ್ಲಿ ಒಂದೇ ಉದಾಹರಣೆಯನ್ನು ಮೊದಲಿನಿಂದ ಕೊನೆಯ ತನಕ ಹಿಡಿದು ಹೋಗೋಣ.

ಬದಿಯಡ್ಕ–ಪೆರ್ಲ ಕಡೆಯಲ್ಲಿ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದಿಟ್ಟುಕೊಳ್ಳಿ. ಕಂಪನಿಯೂ ಅಂಕಿಗಳೂ ಲೆಕ್ಕಕ್ಕಾಗಿ ಕಲ್ಪಿಸಿದವು. ವರ್ಷಕ್ಕೆ 10 ಲಕ್ಷ ತಟ್ಟೆ ಮಾರಾಟ, ಸರಾಸರಿ ದರ ತಟ್ಟೆಗೆ ₹6. ಶೇ 12 ಬಡ್ಡಿಯಲ್ಲಿ ₹40 ಲಕ್ಷ ಸಾಲ. ತಲಾ ₹100 ಮುಖಬೆಲೆಯ 20,000 ಈಕ್ವಿಟಿ ಷೇರು. ತೆರಿಗೆ ಶೇ 25 ಎಂದು ಹಿಡಿಯೋಣ. ಕಂಪನಿಗಳಿಗಿರುವ ಶೇ 22ರ ದರಕ್ಕೆ ಸರ್‌ಚಾರ್ಜ್, ಸೆಸ್ ಸೇರಿದರೆ ಶೇ 25.168 ಆಗುತ್ತದೆ, ಲೆಕ್ಕ ಸಲೀಸಾಗಲೆಂದು 25ಕ್ಕೆ ನಿಲ್ಲಿಸಿದ್ದೇವೆ.

## ಶುರುಮಾಡುವ ಮೊದಲು ಕೈಯಲ್ಲಿರಬೇಕಾದವು

ಲಾಭ-ನಷ್ಟ ಪಟ್ಟಿ ಒಂದೇ ಸಾಲದು. ಅದರಲ್ಲಿ ಖರ್ಚುಗಳು ಕಚ್ಚಾವಸ್ತು, ನೌಕರರ ವೆಚ್ಚ, ಹಣಕಾಸು ವೆಚ್ಚ, ಸವಕಳಿ, ಇತರ ವೆಚ್ಚ ಎಂದು ಜಾತಿವಾರು ಬಂದಿರುತ್ತವೆಯೇ ಹೊರತು, ಯಾವುದು ಮಾರಾಟದೊಂದಿಗೆ ಏರಿಳಿಯುತ್ತದೆ, ಯಾವುದು ಇಲ್ಲ ಎಂದು ಬಿಡಿಸಿರುವುದಿಲ್ಲ. ಆದ್ದರಿಂದ ಇವನ್ನೂ ತೆಗೆದಿಟ್ಟುಕೊಳ್ಳಿ: ತಿಂಗಳುವಾರು ಮಾರಾಟದ ಸಂಖ್ಯೆ, 12 ತಿಂಗಳ ವಿದ್ಯುತ್ ಬಿಲ್ಲು, ಕೂಲಿಯ ಪುಸ್ತಕ, ಬ್ಯಾಂಕಿನ ಸಾಲದ ಸ್ಟೇಟ್‌ಮೆಂಟ್ ಮತ್ತು ವರ್ಷದೊಳಗೆ ಷೇರು ಹೊಸದಾಗಿ ಕೊಟ್ಟಿದ್ದರೆ ಅದರ ತಾರೀಕು.

ಸಂಖ್ಯೆ ಎಂದರೆ ಮಾರಿದ ತಟ್ಟೆಯ ಸಂಖ್ಯೆ, ಒತ್ತಿದ ತಟ್ಟೆಯದ್ದಲ್ಲ. ಹಾಳೆ ಸಿಗುವುದು ಮುಖ್ಯವಾಗಿ ಬೇಸಿಗೆಯಲ್ಲಿ. ಮಳೆ ಹಿಡಿದರೆ ಅದಕ್ಕೆ ಬೂಸು ಬರುತ್ತದೆ. ಹಾಗಾಗಿ ಒಣಗಿದ ಕಾಲದಲ್ಲಿ ಒತ್ತಿಟ್ಟ ಮಾಲು ಗೋದಾಮಿನಲ್ಲಿ ಉಳಿದು ಮುಂದಿನ ಲೆಕ್ಕವರ್ಷಕ್ಕೆ ದಾಟುವುದುಂಟು. ಒತ್ತಿದ ಸಂಖ್ಯೆಯನ್ನು ಹಾಕಿದರೆ ಮೊದಲ ಸಾಲಿನಿಂದಲೇ ಲೆಕ್ಕ ದಾರಿ ತಪ್ಪುತ್ತದೆ.

## ಹಂತ 1: ಖರ್ಚನ್ನು ಎರಡು ಪಾಲು ಮಾಡಿ

ಪ್ರತಿ ಖರ್ಚಿನ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಇನ್ನೊಂದು ಸಾವಿರ ತಟ್ಟೆ ಹೆಚ್ಚು ಮಾರಿದರೆ ಇದು ಹೆಚ್ಚುತ್ತದೆಯೇ? ಹೆಚ್ಚಿದರೆ ಚರ ವೆಚ್ಚ, ಇಲ್ಲದಿದ್ದರೆ ಸ್ಥಿರ ವೆಚ್ಚ. ಖರ್ಚಿನ ಹೆಸರು ನೋಡಿ ತೀರ್ಮಾನಿಸಬೇಡಿ. ತಟ್ಟೆಗಿಷ್ಟು ಎಂದು ಕೊಡುವ ಕೂಲಿ ಚರ. ಅದೇ ಶೆಡ್ಡಿನಲ್ಲಿ ತಿಂಗಳ ಸಂಬಳಕ್ಕಿರುವ ಮೇಲ್ವಿಚಾರಕರದ್ದು ಸ್ಥಿರ. ಲಾಭ-ನಷ್ಟ ಪಟ್ಟಿಯಲ್ಲಿ ಎರಡೂ ನೌಕರರ ವೆಚ್ಚದೊಳಗೇ ಕೂತಿರುತ್ತವೆ.

ಕರೆಂಟ್ ಬಿಲ್ಲು ಎರಡು ಕಡೆಗೂ ಸೇರಿದ್ದು. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ಲಿನಲ್ಲಿ ಸಂಪರ್ಕದ ಲೋಡಿಗೆ ತಕ್ಕ ಫಿಕ್ಸೆಡ್ ಚಾರ್ಜ್ ಬೇರೆ, ಉರಿದ ಯೂನಿಟ್‌ಗಳ ಹಣ ಬೇರೆ ಇರುತ್ತದೆ. ಬಿಲ್ಲು ಸಿಕ್ಕರೆ ನೇರವಾಗಿ ಬಿಡಿಸಿ. ಒಟ್ಟು ಮೊತ್ತ ಮಾತ್ರ ಗೊತ್ತಿದ್ದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಕೆಲಸ ನಡೆದ ಎರಡು ತಿಂಗಳನ್ನು ಹೋಲಿಸಿ. 1,20,000 ತಟ್ಟೆ ಒತ್ತಿದ ತಿಂಗಳು ₹27,000, 50,000 ಒತ್ತಿದ ತಿಂಗಳು ₹13,000 ಬಂದಿದೆ ಎನ್ನೋಣ. 70,000 ತಟ್ಟೆಗೆ ₹14,000 ವ್ಯತ್ಯಾಸ, ಅಂದರೆ ತಟ್ಟೆಗೆ 20 ಪೈಸೆ. 1,20,000 ತಟ್ಟೆಗೆ ಆ ಲೆಕ್ಕದಲ್ಲಿ ₹24,000 ಆಯಿತು. ಉಳಿದ ₹3,000 ತಿಂಗಳ ಸ್ಥಿರ ಭಾಗ, ವರ್ಷಕ್ಕೆ ₹36,000. ಆ ಎರಡು ತಿಂಗಳಲ್ಲಿ ಒಂದು ವಿಚಿತ್ರವಾಗಿದ್ದರೆ, ಉದಾಹರಣೆಗೆ ಪ್ರೆಸ್ಸಿನ ಹೀಟರ್ ಕೆಟ್ಟು ಕರೆಂಟ್ ದಂಡವಾಗಿದ್ದರೆ, ಅದನ್ನು ಬಿಟ್ಟು ಅದರ ಪಕ್ಕದ ತಿಂಗಳನ್ನು ಹಿಡಿಯಿರಿ. ಯಾಕೆಂದರೆ ಈ ವಿಧಾನ ಎರಡೇ ಬಿಂದುಗಳ ಮೇಲೆ ನಿಂತಿದೆ. ಒಂದು ಕೆಟ್ಟರೆ ಇಡೀ ಗೆರೆ ವಾಲುತ್ತದೆ.

ನಮ್ಮ ಕಂಪನಿಗೆ ಚರ ವೆಚ್ಚ ತಟ್ಟೆಗೆ ಹೀಗೆ: ಹಾಳೆ ₹1.50, ಕೂಲಿ ₹1.20, ವಿದ್ಯುತ್ ₹0.20, ಪ್ಯಾಕಿಂಗ್ ₹0.40, ಸಾಗಾಟ ₹0.30. ಒಟ್ಟು ₹3.60. ವರ್ಷದ ಸ್ಥಿರ ವೆಚ್ಚ: ಶೆಡ್ಡಿನ ಬಾಡಿಗೆ ₹2,40,000, ಸಂಬಳ ₹5,40,000, ಸವಕಳಿ ₹2,60,000, ವಿದ್ಯುತ್ತಿನ ಸ್ಥಿರ ಭಾಗ ₹36,000, ವಿಮೆ-ಲೈಸೆನ್ಸ್-ಇತ್ಯಾದಿ ₹1,24,000. ಒಟ್ಟು ₹12,00,000.

ಈ ಹಂತದಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತದೆ. ಸವಕಳಿ ಕೈಯಿಂದ ಹೋಗುವ ಹಣವಲ್ಲವೆಂದು ಬಿಟ್ಟುಬಿಡುವುದು ಒಂದು. ಇಪಿಎಸ್ ಎನ್ನುವುದು ಲೆಕ್ಕಪುಸ್ತಕದ ಲಾಭದ ಮೇಲೆ ನಿಂತದ್ದು, ಆದ್ದರಿಂದ ಸವಕಳಿ ಬರಲೇಬೇಕು. ಇನ್ನೊಂದು, ಬಡ್ಡಿಯೂ ಸ್ಥಿರವೇ ಅಲ್ಲವೇ ಎಂದು ಅದನ್ನು ಇಲ್ಲಿಯೇ ಸೇರಿಸಿಬಿಡುವುದು. ಬಡ್ಡಿಯ ಸರದಿ ಮುಂದೆ ಬರುತ್ತದೆ. ಇಲ್ಲಿ ಸೇರಿಸಿದರೆ ಆಪರೇಟಿಂಗ್ ಮತ್ತು ಫೈನಾನ್ಶಿಯಲ್ ಲಿವರೇಜ್ ಒಂದರೊಳಗೊಂದು ಕಲಸಿಹೋಗಿ ಯಾವುದರಿಂದ ಅಪಾಯ ಬರುತ್ತಿದೆ ಎಂದು ತಿಳಿಯುವುದೇ ಇಲ್ಲ.

## ಹಂತ 2: ಮೆಟ್ಟಿಲು ಪಟ್ಟಿ ಬರೆಯಿರಿ

ಮಾರಾಟದಿಂದ ಇಪಿಎಸ್ ತನಕ ಒಂದೊಂದೇ ಮೆಟ್ಟಿಲು ಇಳಿದು ಬರೆಯಿರಿ. ಮಧ್ಯೆ ಒಂದನ್ನೂ ಹಾರಿಸಬೇಡಿ, ಮುಂದಿನ ಮೂರೂ ಸೂತ್ರಗಳು ಈ ಪಟ್ಟಿಯಿಂದಲೇ ಅಂಕಿ ಎತ್ತಿಕೊಳ್ಳುತ್ತವೆ.

| ಸಾಲು | ಮೊತ್ತ |
|---|---|
| ಮಾರಾಟ: 10,00,000 × ₹6 | ₹60,00,000 |
| ಚರ ವೆಚ್ಚ: 10,00,000 × ₹3.60 | ₹36,00,000 |
| ಚರ ವೆಚ್ಚ ಕಳೆದು ಉಳಿದದ್ದು, ಕಾಂಟ್ರಿಬ್ಯೂಷನ್ | ₹24,00,000 |
| ಸ್ಥಿರ ವೆಚ್ಚ | ₹12,00,000 |
| ಬಡ್ಡಿ-ತೆರಿಗೆಗೆ ಮುಂಚಿನ ಲಾಭ, ಇಬಿಐಟಿ | ₹12,00,000 |
| ಬಡ್ಡಿ: ₹40 ಲಕ್ಷಕ್ಕೆ ಶೇ 12 | ₹4,80,000 |
| ತೆರಿಗೆಗೆ ಮುಂಚಿನ ಲಾಭ, ಇಬಿಟಿ | ₹7,20,000 |
| ತೆರಿಗೆ ಶೇ 25 | ₹1,80,000 |
| ತೆರಿಗೆಯ ನಂತರದ ಲಾಭ | ₹5,40,000 |
| ಇಪಿಎಸ್: 20,000 ಷೇರಿಗೆ | ₹27.00 |

ಇಬಿಐಟಿಯಲ್ಲಿ ತಟ್ಟೆ ವ್ಯವಹಾರದ ಲಾಭ ಮಾತ್ರ ಇರಲಿ. ಬ್ಯಾಂಕ್ ಠೇವಣಿಯ ಬಡ್ಡಿ, ಹಳೇ ಡೈ ಮಾರಿ ಬಂದ ಲಾಭ ಇವು ತಟ್ಟೆ ಎಷ್ಟು ಮಾರಿದರೂ ಬದಲಾಗುವುದಿಲ್ಲ. ಅವನ್ನು ಸೇರಿಸಿದರೆ ಲಿವರೇಜ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

## ಹಂತ 3: ಡಿಒಎಲ್

```
DOL = ಕಾಂಟ್ರಿಬ್ಯೂಷನ್ ÷ ಇಬಿಐಟಿ
    = 24,00,000 ÷ 12,00,000 = 2.00
```

ಮಾರಾಟದ ಸಂಖ್ಯೆ ಶೇ 1 ಏರಿದರೆ ಇಬಿಐಟಿ ಶೇ 2 ಏರುತ್ತದೆ, ಇಳಿದರೆ ಶೇ 2 ಇಳಿಯುತ್ತದೆ ಎಂದರ್ಥ. ಮೇಲಿನ ಅಂಕಿಯ ಜಾಗದಲ್ಲಿ ಮಾರಾಟವನ್ನು ಹಾಕಿದರೆ 5 ಬರುತ್ತದೆ. ಆ 5ಕ್ಕೂ ಒಂದು ಅರ್ಥ ಇದೆ, ಆದರೆ ಅದು ಡಿಒಎಲ್ ಅಲ್ಲ. ಹಂತ 7ರಲ್ಲಿ ಅದಕ್ಕೆ ಮರಳೋಣ.

2ರ ತಲೆಕೆಳಗು 1 ÷ 2, ಅಂದರೆ ಶೇ 50. ಮಾರಾಟ ಅಷ್ಟು ಇಳಿದರೆ ಇಬಿಐಟಿ ಸೊನ್ನೆ. ಬೇರೆ ದಾರಿಯಿಂದ ತಾಳೆ ನೋಡಿ: ಸ್ಥಿರ ವೆಚ್ಚ ₹12 ಲಕ್ಷವನ್ನು ತಟ್ಟೆಗಿರುವ ₹2.40 ಕಾಂಟ್ರಿಬ್ಯೂಷನ್‌ನಿಂದ ಭಾಗಿಸಿದರೆ 5 ಲಕ್ಷ ತಟ್ಟೆ. 10 ಲಕ್ಷದ ಅರ್ಧ. ತಾಳೆಯಾಗದಿದ್ದರೆ ಹಂತ 1ರಲ್ಲಿ ಎಲ್ಲೋ ತಪ್ಪಿದೆ.

## ಹಂತ 4: ಡಿಎಫ್‌ಎಲ್

```
DFL = ಇಬಿಐಟಿ ÷ (ಇಬಿಟಿ − ಪ್ರಿಫರೆನ್ಸ್ ಡಿವಿಡೆಂಡ್ ÷ (1 − ತೆರಿಗೆ ದರ))
```

ಪ್ರಿಫರೆನ್ಸ್ ಷೇರು ಇಲ್ಲದಿದ್ದರೆ ಛೇದದಲ್ಲಿ ಇಬಿಟಿ ಮಾತ್ರ ಉಳಿಯುತ್ತದೆ: 12,00,000 ÷ 7,20,000 = 1.67. ಇಬಿಐಟಿ ಶೇ 1 ಕದಲಿದರೆ ಇಪಿಎಸ್ ಶೇ 1.67 ಕದಲುತ್ತದೆ.

ಇಲ್ಲಿ ಅತಿ ಹೆಚ್ಚು ಕಾಣುವ ತಪ್ಪು ತಿಂಗಳ ಕಂತನ್ನು ಬಡ್ಡಿಯಾಗಿ ಹಾಕುವುದು. ಬ್ಯಾಂಕಿಗೆ ಕಟ್ಟುವ ಕಂತಿನಲ್ಲಿ ಅಸಲೂ ಇದೆ. ಅಸಲಿನ ಮರುಪಾವತಿ ನಗದನ್ನು ಕರಗಿಸುತ್ತದೆಯೇ ಹೊರತು ಲಾಭವನ್ನಲ್ಲ. ಸ್ಟೇಟ್‌ಮೆಂಟಿನಲ್ಲಿ ಬಡ್ಡಿಯ ಕಾಲಂ ಬೇರೆ ಇರುತ್ತದೆ, ಅದರ ವರ್ಷದ ಮೊತ್ತ ಮಾತ್ರ ತೆಗೆದುಕೊಳ್ಳಿ.

ಪ್ರಿಫರೆನ್ಸ್ ಡಿವಿಡೆಂಡ್ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಬಡ್ಡಿ ತೆರಿಗೆಗೆ ಮುಂಚೆ ಕಳೆಯುವಂಥದ್ದು, ಪ್ರಿಫರೆನ್ಸ್ ಡಿವಿಡೆಂಡ್ ತೆರಿಗೆ ಕಟ್ಟಿ ಉಳಿದದ್ದರಲ್ಲಿ ಕೊಡುವಂಥದ್ದು. ಇಬಿಟಿ ತೆರಿಗೆಗೆ ಮುಂಚಿನ ಅಂಕಿಯಾದ್ದರಿಂದ ಡಿವಿಡೆಂಡನ್ನೂ ಅದೇ ಮಟ್ಟಕ್ಕೆ ಏರಿಸಿ ಕಳೆಯಬೇಕು. ಕಂಪನಿಗೆ ಶೇ 9ರ ₹5 ಲಕ್ಷ ಪ್ರಿಫರೆನ್ಸ್ ಷೇರೂ ಇದೆ ಎಂದು ಈ ಹಂತದ ಮಟ್ಟಿಗೆ ಹಿಡಿಯೋಣ. ಡಿವಿಡೆಂಡ್ ₹45,000. ಅಷ್ಟು ಕೊಡಬೇಕಾದರೆ ತೆರಿಗೆಗೆ ಮುಂಚೆ 45,000 ÷ 0.75, ಅಂದರೆ ₹60,000 ದುಡಿದಿರಬೇಕು. ಡಿಎಫ್‌ಎಲ್ 12,00,000 ÷ 6,60,000 = 1.82. ₹45,000ವನ್ನು ಹಾಗೇ ಕಳೆದವರಿಗೆ 1.78 ಬರುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಪರೀಕ್ಷೆ ಮಾಡಿದರೆ ಯಾವುದು ಸರಿಯೆಂದು ತಕ್ಷಣ ಗೊತ್ತಾಗುತ್ತದೆ. ಮಾರಾಟ ಶೇ 10 ಏರಿದಾಗ ಇಪಿಎಸ್ ₹24.75ರಿಂದ ₹33.75ಕ್ಕೆ, ಅಂದರೆ ಶೇ 36.4 ಏರುತ್ತದೆ. 2 × 1.82 × 10 ಅಂದರೂ 36.4. 1.78 ಹಾಕಿದರೆ 35.6ಕ್ಕೆ ನಿಲ್ಲುತ್ತದೆ, ಹೊಂದುವುದಿಲ್ಲ. ಮುಂದಿನ ಹಂತಗಳಲ್ಲಿ ಪ್ರಿಫರೆನ್ಸ್ ಷೇರು ಇಲ್ಲದ ಮೊದಲಿನ ಕಂಪನಿಗೇ ಮರಳುತ್ತೇವೆ.

ಡಿಎಫ್‌ಎಲ್ ಸೂತ್ರ ಬಡ್ಡಿ ಸ್ಥಿರವೆಂದು ನಂಬಿಕೊಂಡಿದೆ. ಟರ್ಮ್ ಲೋನಿಗೆ ಅದು ಸರಿ. ಬೇಸಿಗೆಯಲ್ಲಿ ಹಾಳೆ ಕೊಳ್ಳಲು ತೆಗೆಯುವ ಕ್ಯಾಶ್ ಕ್ರೆಡಿಟ್ ಹಾಗಲ್ಲ. ವ್ಯಾಪಾರ ದೊಡ್ಡದಾದಷ್ಟೂ ಹೆಚ್ಚು ಹಣ ಎಳೆಯುತ್ತೀರಿ, ಬಡ್ಡಿಯೂ ಏರುತ್ತದೆ. ಕ್ಯಾಶ್ ಕ್ರೆಡಿಟ್ ಬಡ್ಡಿ ದೊಡ್ಡ ಮೊತ್ತವಾಗಿದ್ದರೆ ಅದರ ಏರಿಳಿಯುವ ಪಾಲನ್ನು ತಟ್ಟೆಗಿಷ್ಟು ಎಂದು ಬೇರೆ ಬರೆದು ಮೆಟ್ಟಿಲು ಪಟ್ಟಿಯನ್ನು ಪೂರ್ತಿ ಹೊಸದಾಗಿ ಮಾಡುವುದೇ ಒಳ್ಳೆಯದು, ಸೂತ್ರದ ಮೇಲೆ ಭಾರ ಹಾಕಬಾರದು.

## ಹಂತ 5: ಎರಡನ್ನೂ ಸೇರಿಸಿ, ಕೂಡಬೇಡಿ, ಗುಣಿಸಿ

```
DCL = DOL × DFL = ಕಾಂಟ್ರಿಬ್ಯೂಷನ್ ÷ ಇಬಿಟಿ
    = 24,00,000 ÷ 7,20,000 = 3.33
```

2 ಮತ್ತು 1.67 ಕೂಡಿ 3.67 ಎಂದು ಬರೆಯುವವರು ಪ್ರತಿ ವರ್ಷ ಇರುತ್ತಾರೆ. ಸ್ಥಿರ ವೆಚ್ಚ ಮೊದಲು ಏರಿಳಿತವನ್ನು ಎರಡು ಪಟ್ಟು ಮಾಡುತ್ತದೆ, ಹಾಗೆ ದೊಡ್ಡದಾದ ಏರಿಳಿತವನ್ನು ಬಡ್ಡಿ ಮತ್ತೆ 1.67 ಪಟ್ಟು ಮಾಡುತ್ತದೆ. ಒಂದರ ಮೇಲೊಂದು ಕೆಲಸ ಮಾಡುವುದರಿಂದ ಗುಣಾಕಾರ.

ಸಾಧ್ಯವಾದಲ್ಲಿ ಕಾಂಟ್ರಿಬ್ಯೂಷನ್ ÷ ಇಬಿಟಿ ಎಂದು ನೇರವಾಗಿಯೇ ಮಾಡಿ. 2.0 ಮತ್ತು 1.7 ಎಂದು ಮೊದಲೇ ದುಂಡಗೆ ಮಾಡಿ ಗುಣಿಸಿದರೆ 3.4 ಆಗುತ್ತದೆ, ಆಮೇಲೆ ಇಪಿಎಸ್ ತಾಳೆಯಾಗದೆ ತಲೆ ಕೆರೆಯುತ್ತೀರಿ.

ಈಗ ಶೀರ್ಷಿಕೆಯ ಪ್ರಶ್ನೆ. ಮಾರಾಟ ಶೇ 12 ಇಳಿದರೆ ಇಪಿಎಸ್ 12 × 3.33, ಅಂದರೆ ಶೇ 40 ಇಳಿಯಬೇಕು: ₹27ರಿಂದ ₹16.20. ಪಟ್ಟಿಯಲ್ಲೇ ನೋಡಿ. 8,80,000 ತಟ್ಟೆಗೆ ಕಾಂಟ್ರಿಬ್ಯೂಷನ್ ₹21,12,000. ಸ್ಥಿರ ವೆಚ್ಚ ಕಳೆದು ₹9,12,000, ಬಡ್ಡಿ ಕಳೆದು ₹4,32,000, ತೆರಿಗೆ ಕಳೆದು ₹3,24,000. 20,000 ಷೇರಿಗೆ ಹಂಚಿದರೆ ₹16.20. ಮಾರಾಟ ಇಳಿದರೂ ಶೆಡ್ಡಿನ ಬಾಡಿಗೆಯಾಗಲಿ ಬ್ಯಾಂಕಿನ ಬಡ್ಡಿಯಾಗಲಿ ಒಂದು ಪೈಸೆ ಇಳಿಯಲಿಲ್ಲ. ಇಳಿದ ಕಾಂಟ್ರಿಬ್ಯೂಷನ್ ಇಡಿಯಾಗಿ ಷೇರುದಾರರ ಪಾಲಿನಿಂದಲೇ ಹೋಯಿತು.

3.33ರ ತಲೆಕೆಳಗು ಶೇ 30. ಮಾರಾಟ 7 ಲಕ್ಷ ತಟ್ಟೆಗೆ ಇಳಿದರೆ ಇಪಿಎಸ್ ಸೊನ್ನೆ. ಸ್ಥಿರ ವೆಚ್ಚವೂ ಬಡ್ಡಿಯೂ ಸೇರಿ ₹16,80,000, ₹2.40ರಿಂದ ಭಾಗಿಸಿದರೆ ಅದೇ 7 ಲಕ್ಷ. ಷೇರುದಾರರಿಗೆ ಹೇಳುವಾಗ 3.33 ಎಂಬ ಅಂಕಿಗಿಂತ, ಮಾರಾಟ ನೂರರಲ್ಲಿ ಮೂವತ್ತು ಬಿದ್ದರೆ ಲಾಭ ಮುಗಿಯಿತು ಎನ್ನುವ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಕ್ಸೆಲ್‌ನಲ್ಲಿ ಮಾಡುವವರು B1ರಿಂದ B8ರ ತನಕ ಕ್ರಮವಾಗಿ ಸಂಖ್ಯೆ, ದರ, ತಟ್ಟೆಯ ಚರ ವೆಚ್ಚ, ಸ್ಥಿರ ವೆಚ್ಚ, ಬಡ್ಡಿ, ಪ್ರಿಫರೆನ್ಸ್ ಡಿವಿಡೆಂಡ್, ತೆರಿಗೆ ದರ, ಷೇರಿನ ಸಂಖ್ಯೆ ಬರೆದು ಹೀಗೆ ಹಾಕಬಹುದು:

```
B10  =B1*(B2-B3)
B11  =B10-B4
B12  =B11-B5-B6/(1-B7)
B13  =B10/B11
B14  =B11/B12
B15  =B10/B12
B16  =B12*(1-B7)/B8
```

B13, B14, B15 ಮೂರು ಲಿವರೇಜ್‌ಗಳು, B16 ಇಪಿಎಸ್. ತೆರಿಗೆ ದರವನ್ನು 25 ಎಂದಲ್ಲ, 0.25 ಅಥವಾ 25% ಎಂದು ಬರೆಯಿರಿ. B12 ಋಣವಾದರೆ B16ನ್ನು ನಂಬಬೇಡಿ. ಕಾರಣ ಮುಂದಿನ ಹಂತದಲ್ಲಿದೆ.

## ಹಂತ 6: ಆ ಅಂಕಿ ಎಲ್ಲಿಯವರೆಗೆ ನಡೆಯುತ್ತದೆ ನೋಡಿ

3.33 ಎನ್ನುವುದು ಕಂಪನಿಯ ಗುಣವಲ್ಲ, 10 ಲಕ್ಷ ತಟ್ಟೆ ಎಂಬ ಒಂದು ಜಾಗದ ಗುಣ. ಅದೇ ಕಂಪನಿ, ಅದೇ ಸಾಲ, ಮಾರಾಟ ಮಾತ್ರ ಬೇರೆ:

| ಮಾರಾಟ, ತಟ್ಟೆ | ಡಿಒಎಲ್ | ಡಿಎಫ್‌ಎಲ್ | ಡಿಸಿಎಲ್ | ಇಪಿಎಸ್ |
|---|---|---|---|---|
| 12,00,000 | 1.71 | 1.40 | 2.40 | ₹45.00 |
| 10,00,000 | 2.00 | 1.67 | 3.33 | ₹27.00 |
| 8,00,000 | 2.67 | 3.00 | 8.00 | ₹9.00 |
| 7,20,000 | 3.27 | 11.00 | 36.00 | ₹1.80 |

ಡಿಸಿಎಲ್ 36 ಕಂಡು ಗಾಬರಿಯಾಗಬೇಡಿ, ಹಿಗ್ಗಲೂ ಬೇಡಿ. ಇಪಿಎಸ್ ಸೊನ್ನೆಯ ಹತ್ತಿರ ಬಂದಾಗ ಛೇದ ಚಿಕ್ಕದಾಗಿ ಅಂಕಿ ಉಬ್ಬುತ್ತದೆ, ಅಷ್ಟೇ. ₹1.80 ದುಪ್ಪಟ್ಟಾದರೂ ₹3.60. ಗಮನಿಸಬೇಕಾದದ್ದು ಬೇರೆ: ಮೇಲಿಂದ ಕೆಳಗೆ ಬರುವಾಗ ಡಿಎಫ್‌ಎಲ್ ಡಿಒಎಲ್‌ಗಿಂತ ಬಹಳ ಬೇಗ ಏರಿತು. ಅದು ಅಪಾಯದ ಗುರುತು. ಈ ಕಂಪನಿಗೆ ಮೊದಲು ಉಸಿರು ಕಟ್ಟಿಸುವುದು ಶೆಡ್ಡಿನ ಖರ್ಚಲ್ಲ, ಬಡ್ಡಿ.

ಹೀಗಾಗಿ ಡಿಸಿಎಲ್ ಹೇಳುವಾಗ ಯಾವ ಮಾರಾಟದ ಮಟ್ಟದಲ್ಲಿ ಎಂದು ಜೊತೆಗೆ ಹೇಳದಿದ್ದರೆ ಅದಕ್ಕೆ ಬೆಲೆಯಿಲ್ಲ. ಶೇಕಡಾ ಬದಲಾವಣೆಯನ್ನೂ ಯಾವಾಗಲೂ ಹೊರಟ ಮಟ್ಟದಿಂದ ಲೆಕ್ಕಹಾಕಿ, ತಲುಪಿದ ಮಟ್ಟದಿಂದಲ್ಲ.

ಇಪಿಎಸ್ ಸೊನ್ನೆ ದಾಟಿ ಕೆಳಗಿಳಿದರೆ ಸೂತ್ರ ಮುರಿಯುತ್ತದೆ. 6 ಲಕ್ಷ ತಟ್ಟೆ ಎಂದರೆ ಶೇ 40 ಇಳಿಕೆ. 3.33ರಿಂದ ಗುಣಿಸಿದರೆ ಇಪಿಎಸ್ ಶೇ 133 ಇಳಿದು −₹9 ಆಗಬೇಕು. ಪಟ್ಟಿ ಬರೆದರೆ ನಷ್ಟ ₹2,40,000, ಷೇರಿಗೆ −₹12. ಸೂತ್ರವು ನಷ್ಟದ ಮೇಲೂ ಶೇ 25 ತೆರಿಗೆ ವಾಪಸು ಬರುತ್ತದೆಂದು ಭಾವಿಸಿಕೊಂಡದ್ದೇ ಈ ₹3ರ ವ್ಯತ್ಯಾಸ. ನಷ್ಟಕ್ಕೆ ಆ ವರ್ಷ ಯಾರೂ ಚೆಕ್ ಕಳಿಸುವುದಿಲ್ಲ. ಅದನ್ನು ಮುಂದಿನ ವರ್ಷಗಳ ಲಾಭಕ್ಕೆದುರು ಹೊಂದಿಸಿಕೊಳ್ಳಬೇಕು.

ಇನ್ನು ಕೆಲವು ಗುರುತುಗಳು ಬೇಗನೆ ಹೇಳಿಬಿಡುವಂಥವು. ಲಾಭದಲ್ಲಿರುವ ಕಂಪನಿಗೆ ಡಿಒಎಲ್ ಅಥವಾ ಡಿಎಫ್‌ಎಲ್ 1ಕ್ಕಿಂತ ಕಡಿಮೆ ಬಂದರೆ ಅಂಶ-ಛೇದ ಅದಲುಬದಲಾಗಿದೆ. ಸರಿಯಾಗಿ 1 ಬಂದರೆ ಸ್ಥಿರ ವೆಚ್ಚ ಅಥವಾ ಬಡ್ಡಿ ಇಲ್ಲವೆಂದರ್ಥ, ಇದ್ದೂ ಬಂದಿದ್ದರೆ ಬಿಟ್ಟುಹೋಗಿದೆ. ಋಣ ಸಂಖ್ಯೆ ಬಂದರೆ ನೀವು ಲಾಭವೂ ನಷ್ಟವೂ ಇಲ್ಲದ ಸಮತೋಲನ ಬಿಂದುವಿನ ಕೆಳಗಿದ್ದೀರಿ. ಆಗ ಅನುಪಾತ ಬಿಟ್ಟು ಪಟ್ಟಿಯನ್ನೇ ನೋಡಿ.

## ಹಂತ 7: ಸಂಖ್ಯೆ ಇಳಿದದ್ದೋ, ದರ ಇಳಿದದ್ದೋ?

ಸೂತ್ರ ಬಾಯಿಪಾಠ ಇರುವವರೂ ಜಾರುವ ಜಾಗ ಇದು. ಡಿಒಎಲ್ ಉತ್ತರ ಕೊಡುವುದು ಮಾರಾಟದ ಸಂಖ್ಯೆ ಬದಲಾದಾಗ ಮಾತ್ರ. ಮಂಗಳೂರಿನ ಕೇಟರಿಂಗ್‌ನವರು ಅಷ್ಟೇ ತಟ್ಟೆ ಕೊಂಡು ದರದಲ್ಲಿ ಶೇ 10 ಕಡಿಮೆ ಮಾಡಿ ಎಂದರೆ ಲೆಕ್ಕವೇ ಬೇರೆ.

ದರ ₹6ರಿಂದ ₹5.40ಕ್ಕೆ ಇಳಿಯಿತು, ಸಂಖ್ಯೆ 10 ಲಕ್ಷವೇ. ಮಾರಾಟದ ಮೊತ್ತ ಶೇ 10 ಇಳಿದಿದೆ. ಡಿಸಿಎಲ್ 3.33 ಹಿಡಿದು ಇಪಿಎಸ್ ಶೇ 33 ಇಳಿದು ₹18 ಆಗುತ್ತದೆಂದು ಬರೆದರೆ ದೊಡ್ಡ ತಪ್ಪು. ಹಾಳೆ, ಕೂಲಿ, ಪ್ಯಾಕಿಂಗ್ ಯಾವುದೂ ಕಡಿಮೆಯಾಗಿಲ್ಲ, ಹಾಗಾಗಿ ಕಳೆದುಹೋದ ₹6 ಲಕ್ಷ ಪೂರ್ತಿ ಕಾಂಟ್ರಿಬ್ಯೂಷನ್‌ನಿಂದ ಹೋಗುತ್ತದೆ. ಕಾಂಟ್ರಿಬ್ಯೂಷನ್ ₹18 ಲಕ್ಷ, ಇಬಿಐಟಿ ₹6 ಲಕ್ಷ, ಇಬಿಟಿ ₹1,20,000, ಇಪಿಎಸ್ ₹4.50. ಇಳಿಕೆ ಶೇ 83.

ದರದ ಬದಲಾವಣೆಗೆ ಬಳಸಬೇಕಾದದ್ದು ಮಾರಾಟ ÷ ಇಬಿಟಿ: 60,00,000 ÷ 7,20,000 = 8.33. ಹಂತ 3ರಲ್ಲಿ ಬದಿಗಿಟ್ಟ 5 ಇದರ ಅರ್ಧ ದಾರಿ. ಅದು ದರ ಶೇ 1 ಬದಲಾದರೆ ಇಬಿಐಟಿ ಎಷ್ಟು ಬದಲಾಗುತ್ತದೆ ಎಂದು ಹೇಳುತ್ತದೆ.

ಹಾಳೆಯ ಬೆಲೆ ಏರಿದರೂ ಇದೇ ಮಾತು. ₹1.50 ಇದ್ದದ್ದು ₹1.80 ಆದರೆ ವರ್ಷಕ್ಕೆ ₹3 ಲಕ್ಷ ಹೋಗಿ ಇಪಿಎಸ್ ₹15.75ಕ್ಕೆ ಬರುತ್ತದೆ. ಮಾರಾಟ ಒಂದು ತಟ್ಟೆಯೂ ಕದಲಿಲ್ಲವಾದ್ದರಿಂದ ಡಿಸಿಎಲ್ ಇದರ ಬಗ್ಗೆ ಏನೂ ಹೇಳುವುದಿಲ್ಲ.

ಎರಡು ವರ್ಷದ ವರದಿ ಎದುರಿಗಿಟ್ಟು ಇಬಿಐಟಿಯ ಶೇಕಡಾ ಬದಲಾವಣೆಯನ್ನು ಮಾರಾಟದ ಶೇಕಡಾ ಬದಲಾವಣೆಯಿಂದ ಭಾಗಿಸುವವರಿಗೆ ವಿಚಿತ್ರ ಉತ್ತರ ಬರುವುದೂ ಇದಕ್ಕೇ. ಆ ಭಾಗಾಕಾರ ಸರಿಯಾಗಬೇಕಾದರೆ ಎರಡೂ ವರ್ಷ ದರ, ತಟ್ಟೆಯ ಚರ ವೆಚ್ಚ, ಸ್ಥಿರ ವೆಚ್ಚ ಒಂದೇ ಇರಬೇಕು. ನಿಜ ಜೀವನದಲ್ಲಿ ಮೂರೂ ಬದಲಾಗಿರುತ್ತವೆ.

## ಹಂತ 8: ಯಂತ್ರ ಕೊಳ್ಳುವುದೋ, ಸಾಲದಿಂದಲೋ ಷೇರಿನಿಂದಲೋ

ಎರಡು ಲಿವರೇಜ್‌ಗಳ ಜಂಟಿ ಪರಿಣಾಮ ಸರಿಯಾಗಿ ಕಾಣುವುದು ಇಂಥ ತೀರ್ಮಾನದಲ್ಲಿ. ₹20 ಲಕ್ಷದ ಸ್ವಯಂಚಾಲಿತ ಪ್ರೆಸ್ ತಂದರೆ ಕೂಲಿ ತಟ್ಟೆಗೆ 60 ಪೈಸೆ ಉಳಿದು ಚರ ವೆಚ್ಚ ₹3ಕ್ಕೆ ಇಳಿಯುತ್ತದೆ. ಸವಕಳಿ, ನಿರ್ವಹಣೆ ಸೇರಿ ಸ್ಥಿರ ವೆಚ್ಚ ₹4 ಲಕ್ಷ ಏರಿ ₹16 ಲಕ್ಷವಾಗುತ್ತದೆ ಎನ್ನೋಣ. ಹಣಕ್ಕೆ ಎರಡು ದಾರಿ. ಶೇ 12ಕ್ಕೆ ಸಾಲ ತಂದರೆ ಒಟ್ಟು ಬಡ್ಡಿ ₹7,20,000. ಇಲ್ಲವೇ ₹200ರಂತೆ 10,000 ಹೊಸ ಷೇರು ಕೊಟ್ಟರೆ ಬಡ್ಡಿ ₹4,80,000ರಲ್ಲೇ ಇದ್ದು ಷೇರು 30,000 ಆಗುತ್ತದೆ.

| ಮಾರಾಟ, ತಟ್ಟೆ | ಈಗಿನಂತೆ | ಯಂತ್ರ, ಸಾಲದಿಂದ | ಯಂತ್ರ, ಷೇರಿನಿಂದ |
|---|---|---|---|
| 8,00,000 | ₹9.00 | ₹3.00 | ₹8.00 |
| 10,00,000 | ₹27.00 | ₹25.50 | ₹23.00 |
| 12,00,000 | ₹45.00 | ₹48.00 | ₹38.00 |

10 ಲಕ್ಷದಲ್ಲಿ ಯಂತ್ರದಿಂದ ಇಬಿಐಟಿ ₹12 ಲಕ್ಷದಿಂದ ₹14 ಲಕ್ಷಕ್ಕೆ ಏರಿದೆ, ಆದರೂ ಇಪಿಎಸ್ ಇಳಿದಿದೆ. ₹20 ಲಕ್ಷ ಹೂಡಿ ₹2 ಲಕ್ಷ ಗಳಿಕೆ ಎಂದರೆ ಶೇ 10. ಬ್ಯಾಂಕ್ ಕೇಳುವುದು ಶೇ 12. ಇಬಿಐಟಿ ಏರಿತೆಂದು ಖುಷಿಪಟ್ಟು ಪಟ್ಟಿಯನ್ನು ಅಲ್ಲಿಗೇ ನಿಲ್ಲಿಸಿದವರಿಗೆ ಇದು ಕಾಣುವುದೇ ಇಲ್ಲ. ಸಾಲದ ದಾರಿಯಲ್ಲಿ ಡಿಸಿಎಲ್ ಕೂಡ 3.33ರಿಂದ 30,00,000 ÷ 6,80,000, ಅಂದರೆ 4.41ಕ್ಕೆ ಏರಿದೆ. ಸ್ಥಿರ ವೆಚ್ಚ, ಬಡ್ಡಿ ಎರಡೂ ಒಟ್ಟಿಗೆ ಏರಿದ್ದರ ಫಲ.

ಯಾವ ಮಾರಾಟದಲ್ಲಿ ಯಂತ್ರ ಲಾಭಕ್ಕೆ ತಿರುಗುತ್ತದೆ? ಈಗಿನ ದಾರಿಯ ಇಬಿಟಿ 2.40 × ಸಂಖ್ಯೆ − 16.8 ಲಕ್ಷ; ಸಾಲದ ಯಂತ್ರದ್ದು 3.00 × ಸಂಖ್ಯೆ − 23.2 ಲಕ್ಷ. ಷೇರಿನ ಸಂಖ್ಯೆ ಎರಡರಲ್ಲೂ ಒಂದೇ ಆದ್ದರಿಂದ ಇವನ್ನು ಸಮ ಮಾಡಿದರೆ ಸಾಕು: 6.4 ಲಕ್ಷ ÷ 0.60, ಸುಮಾರು 10,66,700 ತಟ್ಟೆ. ಮಾರಾಟ ಈಗಿರುವುದಕ್ಕಿಂತ ಶೇ 6.7 ಏರಿ ಅಲ್ಲಿಯೇ ನಿಲ್ಲುತ್ತದೆಂಬ ಭರವಸೆ ಇಲ್ಲದಿದ್ದರೆ ಸಾಲದಲ್ಲಿ ಯಂತ್ರ ತರುವುದು ಷೇರುದಾರರಿಗೆ ನಷ್ಟ.

ಯಂತ್ರ ತರುವುದು ಖಚಿತ, ಸಾಲವೋ ಷೇರೋ ಎಂಬುದಷ್ಟೇ ಪ್ರಶ್ನೆಯಾದರೆ ಎರಡೂ ಇಪಿಎಸ್ ಸಮನಾಗುವ ಇಬಿಐಟಿ ಹುಡುಕಿ. ಎರಡು ಕಡೆಯೂ ತೆರಿಗೆ ಒಂದೇ ಆದ್ದರಿಂದ ಅದು ಹೊಡೆದುಹೋಗುತ್ತದೆ:

```
(ಇಬಿಐಟಿ − 7.2 ಲಕ್ಷ) ÷ 20,000 = (ಇಬಿಐಟಿ − 4.8 ಲಕ್ಷ) ÷ 30,000
ಇಬಿಐಟಿ = 12 ಲಕ್ಷ
```

ಆ ಮಟ್ಟದಲ್ಲಿ ಎರಡೂ ಕಡೆ ಇಪಿಎಸ್ ₹18. ತಟ್ಟೆಯಲ್ಲಿ ಹೇಳಿದರೆ 28 ಲಕ್ಷ ÷ 3, ಸುಮಾರು 9,33,300. ಅದಕ್ಕಿಂತ ಮೇಲೆ ಸಾಲ, ಕೆಳಗೆ ಷೇರು ಹೆಚ್ಚು ಇಪಿಎಸ್ ಕೊಡುತ್ತದೆ. ಈಗಿನ 10 ಲಕ್ಷದಿಂದ ಅಲ್ಲಿಗೆ ಶೇ 7 ಕೂಡ ದೂರವಿಲ್ಲ. ಒಂದು ಮದುವೆ ಸೀಸನ್ ಸಪ್ಪೆಯಾದರೆ ದಾಟಿಹೋಗುವ ಅಂತರ. ಹಿಂದಿನ ನಾಲ್ಕೈದು ವರ್ಷಗಳ ಮಾರಾಟದ ಸಂಖ್ಯೆ ತೆಗೆದು, ವರ್ಷದಿಂದ ವರ್ಷಕ್ಕೆ ಎಷ್ಟು ಇಳಿದದ್ದಿದೆ ನೋಡಿ ಅದರ ಪಕ್ಕದಲ್ಲಿ ಈ ಅಂತರವನ್ನು ಇಟ್ಟು ತೂಗಿ.

ಹೊಸ ಷೇರು ವರ್ಷದ ಮಧ್ಯೆ ಕೊಟ್ಟರೆ ಆ ವರ್ಷದ ಇಪಿಎಸ್‌ಗೆ 30,000ದಿಂದ ಭಾಗಿಸಬೇಡಿ. ಅಕ್ಟೋಬರ್ 1ಕ್ಕೆ ಕೊಟ್ಟದ್ದಾದರೆ 10,000 ಷೇರು ಆರು ತಿಂಗಳು ಮಾತ್ರ ಇದ್ದವು: 20,000 + 10,000 × 6 ÷ 12 = 25,000. ಮೇಲಿನ ಪಟ್ಟಿಯ ₹23 ಪೂರ್ತಿ ವರ್ಷದ್ದು. ಮೊದಲ ವರ್ಷದಲ್ಲಿ ಯಂತ್ರವೂ ಅರ್ಧ ವರ್ಷವೇ ಓಡಿರುತ್ತದೆ, ಸವಕಳಿಯೂ ಅರ್ಧವೇ ಬಿದ್ದಿರುತ್ತದೆ, ಕೂಲಿಯ ಉಳಿತಾಯವೂ ಅಷ್ಟೇ. ಆ ವರ್ಷದ ಅಂಕಿಯಿಂದ ಡಿಸಿಎಲ್ ತೆಗೆದು ಮುಂದಿನ ವರ್ಷದ ಇಪಿಎಸ್ ಅಂದಾಜಿಸಿದರೆ ಹೊಂದುವುದಿಲ್ಲ. ಪೂರ್ತಿ ವರ್ಷದ ಮೆಟ್ಟಿಲು ಪಟ್ಟಿಯನ್ನು ಪ್ರತ್ಯೇಕವಾಗಿ ಬರೆದುಕೊಂಡು ಅದರಿಂದಲೇ ತೆಗೆಯಿರಿ.